ಬಟ್ಟೆ ಬೇರೆ, ಹೊಲಿಗೆ ಒಂದೇ: ಸಣ್ಣ ಗಾರ್ಮೆಂಟ್ ಘಟಕಕ್ಕೆ ಯಶಸ್ಸಿನ ಎಂಟು ಸೂತ್ರಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಐದಾರು ಮಷಿನ್ ಹಾಕಿಕೊಂಡು ಹೆಣ್ಣುಮಕ್ಕಳ ಕುರ್ತಾ, ಶಾಲೆಯ ಅಂಗಿ, ನೈಟಿ ಹೊಲಿಯುವ ಘಟಕ ನಡೆಸುವವರಿಗೆ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ಒಂದೇ ವಾರದಲ್ಲಿ ಹತ್ತಿಯ ಪ್ರಿಂಟ್ ಬರುತ್ತದೆ, ರೇಯಾನ್ ಬರುತ್ತದೆ, ಗುಳೇದಗುಡ್ಡದ ಖಣವೂ ಬರುತ್ತದೆ. ಮೀಟರಿನ ದರ ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಮೂರೂ ಅದೇ ಕಟಿಂಗ್ ಮೇಜು, ಅದೇ ಮಷಿನ್, ಅದೇ ಇಸ್ತ್ರಿ ಪೆಟ್ಟಿಗೆಯ ಕೈಕೆಳಗೆ ಹಾದುಹೋಗುತ್ತವೆ. ಹಾಗಾದರೆ ಒಂದೊಂದು ಕುರ್ತಾದ ಅಸಲು ಎಷ್ಟು?

ಇದಕ್ಕೆ ವೆಚ್ಚಶಾಸ್ತ್ರದಲ್ಲಿ ‘ಆಪರೇಷನ್ ಕಾಸ್ಟಿಂಗ್’ ಎಂಬ ಪದ್ಧತಿ ಇದೆ. ನಾವು ಅದನ್ನು ಕೆಲಸವಾರು ಲೆಕ್ಕ ಎನ್ನೋಣ. ಅದನ್ನು ಇಲ್ಲಿ ಒಂದು ಮಾದರಿ ಘಟಕದ ಮೇಲೆ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಘಟಕದಲ್ಲಿ ಆರು ಹೊಲಿಗೆ ಮಷಿನ್ ಇವೆ. ತಿಂಗಳಿಗೆ 25 ದಿನ ಕೆಲಸ. ಸರಾಸರಿ ತಿಂಗಳಿಗೆ 2,400 ಕುರ್ತಾ ಹೊರಬೀಳುತ್ತವೆ. ಕೈಯಲ್ಲಿರುವ ಆರ್ಡರ್ 300: ಹತ್ತಿಯವು 150, ರೇಯಾನ್‌ನವು 100, ಖಣದವು 50. ದರಗಳು ಲೆಕ್ಕ ತಿಳಿಯಲು ಹಿಡಿದವು. ನಿಮ್ಮ ಪೇಟೆಯ ದರ ಹಾಕಿಕೊಂಡರೆ ಅಂಕಿ ಬದಲಾಗುತ್ತದೆ, ದಾರಿ ಬದಲಾಗುವುದಿಲ್ಲ.

1. ಬಟ್ಟೆಯನ್ನು ಮಾಲಿನ ಹೆಸರಿಗೆ ಬರೆಯಿರಿ, ದುಡಿಮೆಯನ್ನು ಕೆಲಸದ ಹೆಸರಿಗೆ

ಇಡೀ ಪದ್ಧತಿ ಈ ಒಂದು ವಿಂಗಡಣೆಯ ಮೇಲೆ ನಿಂತಿದೆ. ಖಣದ ಥಾನು ಖಣದ ಕುರ್ತಾಕ್ಕೆ ಮಾತ್ರ ಹೋಗುತ್ತದೆ. ಅದರ ದುಡ್ಡಿನ ಒಂದು ಪೈಸೆಯೂ ರೇಯಾನ್ ಕುರ್ತಾದ ಮೇಲೆ ಬೀಳಬಾರದು. ಆದ್ದರಿಂದ ಬಟ್ಟೆ, ಅಸ್ತರ, ಗುಂಡಿ, ಲೇಬಲ್, ಪ್ಲಾಸ್ಟಿಕ್ ಕವರ್ ಇವನ್ನು ಆಯಾ ಮಾಲಿನ ಹಾಳೆಯಲ್ಲಿ ಬರೆಯಬೇಕು. ಟೇಲರ್‌ಗಳ ಪಗಾರ, ಕರೆಂಟ್ ಬಿಲ್ಲು, ಬಾಡಿಗೆ, ಸೂಜಿ, ದಾರ, ಎಣ್ಣೆ, ಮಷಿನ್ ರಿಪೇರಿ ಮತ್ತು ಸವಕಳಿ ಯಾವ ಮಾಲಿಗೂ ಮೀಸಲಲ್ಲ. ಇವನ್ನು ಕೆಲಸದ ಹಾಳೆಯಲ್ಲಿ ಕೂಡಿಸಬೇಕು. ಆಮೇಲೆ ಆ ಕೆಲಸದ ಮೂಲಕ ಹಾದುಹೋದ ಪ್ರತಿ ಪೀಸಿಗೂ, ಬಟ್ಟೆ ಯಾವುದೇ ಇರಲಿ, ಒಂದೇ ದರದಲ್ಲಿ ಹಚ್ಚಬೇಕು.

ದಾರವನ್ನು ಬಟ್ಟೆಯ ಕಡೆ ಹಾಕಬೇಕೋ ಕೆಲಸದ ಕಡೆಯೋ ಎಂದು ಕೆಲವರು ಕೇಳುತ್ತಾರೆ. ಸಾದಾ ದಾರವಾದರೆ ಕೆಲಸದ ಕಡೆ ಹಾಕಿಬಿಡಿ. ಖಣಕ್ಕೆಂದೇ ಜರಿದಾರ ತಂದಿದ್ದರೆ ಅದು ಖಣದ ಹಾಳೆಗೆ ಹೋಗುತ್ತದೆ.

2. ಬಟ್ಟೆಯ ಖರ್ಚನ್ನು ಕಟಿಂಗ್ ಮೇಜಿನ ಮೇಲೆ ಅಳೆಯಿರಿ

ಒಂದು ಕುರ್ತಾಕ್ಕೆ ಇಷ್ಟು ಮೀಟರ್ ಎಂದು ಬಾಯಿಲೆಕ್ಕದಲ್ಲಿ ಹೇಳುವ ಅಂಕಿ ಸಾಮಾನ್ಯವಾಗಿ ಪ್ಯಾಟರ್ನ್ ಹಾಳೆಯದು. ಹಾಸಿ ಕತ್ತರಿಸುವಾಗ ಪ್ರತಿ ಪದರದ ತುದಿಗೆ ಒಂದಿಷ್ಟು ಹೋಗುತ್ತದೆ. ಥಾನಿನ ನಡುವೆ ಜೋಡು ಬಂದರೆ, ಕಲೆ ಬಂದರೆ, ಇನ್ನಷ್ಟು ಹೋಗುತ್ತದೆ. ಆದ್ದರಿಂದ ಸ್ಟೋರಿನಿಂದ ಕೊಟ್ಟ ಮೀಟರಿನಲ್ಲಿ, ಮತ್ತೆ ಬಳಸಬಹುದಾದ ತುಂಡುಗಳಾಗಿ ಮರಳಿ ಬಂದದ್ದನ್ನು ಕಳೆದರೆ ಉಳಿಯುವುದೇ ನಿಜವಾದ ಖರ್ಚು.

ನಮ್ಮ ಹತ್ತಿಯ ಮಾಲು ನೋಡಿ. ಪ್ಯಾಟರ್ನ್ ಪ್ರಕಾರ ಪೀಸಿಗೆ 2.2 ಮೀಟರ್, ಅಂದರೆ 150ಕ್ಕೆ 330 ಮೀಟರ್ ಸಾಕು. ಸ್ಟೋರಿನಿಂದ ಹೋದದ್ದು 345. ಮರಳಿ ಬಂದದ್ದು 6. ಖರ್ಚಾದದ್ದು 339 ಮೀಟರ್. ಮೀಟರಿಗೆ ₹100ರಂತೆ ₹33,900, ಪೀಸಿಗೆ ₹226. ಪ್ಯಾಟರ್ನ್ ಲೆಕ್ಕ ನಂಬಿದ್ದರೆ ₹220 ಎಂದು ಬರೆದುಕೊಂಡು ಪೀಸಿಗೆ ₹6 ಕಳೆದುಕೊಳ್ಳುತ್ತಿದ್ದೆವು.

ರೇಯಾನ್ ನೀರು ಕಂಡರೆ ಹತ್ತಿಗಿಂತ ಹೆಚ್ಚು ಕುಗ್ಗುತ್ತದೆ. ಥಾನು ಬಿಚ್ಚಿದ ಕೂಡಲೇ ಸರಿಯಾಗಿ ಒಂದು ಮೀಟರ್ ಕತ್ತರಿಸಿ, ತೊಳೆದು, ಒಣಗಿಸಿ, ಮತ್ತೆ ಅಳೆಯಿರಿ. 4 ಸೆಂಟಿಮೀಟರ್ ಕಡಿಮೆ ಬಂದರೆ ಪ್ಯಾಟರ್ನನ್ನು ಅಷ್ಟು ದೊಡ್ಡದು ಮಾಡಬೇಕು ಎಂದು ಅರ್ಥ. ಹೀಗಾಗಿ ಅದೇ ಅಳತೆಯ ಕುರ್ತಾಕ್ಕೆ ರೇಯಾನ್ 2.3 ಮೀಟರ್ ಹಿಡಿಯುತ್ತದೆ. 100 ಪೀಸಿಗೆ 230 ಮೀಟರ್, ₹80ರಂತೆ ₹18,400, ಪೀಸಿಗೆ ₹184.

ಖಣದ್ದೇ ಬೇರೆ ಸಂಗತಿ. ಅದು ಮೂಲತಃ ಕುಪ್ಪಸಕ್ಕಾಗಿ ನೇಯ್ದ ಬಟ್ಟೆ, ಪನ್ನಾ ಕಿರಿದು. ಮುಂಭಾಗ ಮತ್ತು ಹಿಂಭಾಗ ಪಕ್ಕಪಕ್ಕ ಕೂರುವುದಿಲ್ಲ. ಅಂಚು ಕುರ್ತಾದ ಕೆಳಗೆ ಅಥವಾ ತೋಳಿನ ತುದಿಗೆ ಬರಬೇಕೆಂದು ಗಿರಾಕಿ ಬಯಸಿದರೆ ಪ್ಯಾಟರ್ನನ್ನು ಬೇಕಾದ ಹಾಗೆ ತಿರುಗಿಸಲೂ ಆಗುವುದಿಲ್ಲ. ಪೀಸಿಗೆ 3.2 ಮೀಟರ್ ಹಿಡಿಯಿತು ಎನ್ನೋಣ. 160 ಮೀಟರ್, ₹150ರಂತೆ ₹24,000. ಅದಕ್ಕೆ ಅಸ್ತರ ಬೇಕು: ಪೀಸಿಗೆ 2 ಮೀಟರಿನಂತೆ 100 ಮೀಟರ್, ₹40ರಂತೆ ₹4,000. ಎರಡೂ ಸೇರಿ ಪೀಸಿಗೆ ₹560. ಪನ್ನಾ ನೋಡದೆ ಮೀಟರ್ ದರವನ್ನು ಮಾತ್ರ ಹೋಲಿಸುವವರು ಖಣದ ಅಸಲನ್ನು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ.

ಜಿಎಸ್‌ಟಿಯ ವಿಷಯದಲ್ಲಿ ಒಂದು ಮಾತು. ನೀವು ನೋಂದಾಯಿಸಿಕೊಂಡು ಇನ್‌ಪುಟ್ ಕ್ರೆಡಿಟ್ ಪಡೆಯುವವರಾದರೆ ಬಟ್ಟೆಯ ಮೇಲೆ ಕೊಟ್ಟ ತೆರಿಗೆ ಅಸಲಿಗೆ ಸೇರುವುದಿಲ್ಲ. ನೋಂದಣಿ ಇಲ್ಲದಿದ್ದರೆ, ಇಲ್ಲವೇ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ, ಆ ದುಡ್ಡು ಮರಳಿ ಬಾರದು. ಅದನ್ನು ಬಟ್ಟೆಯ ಬೆಲೆಗೇ ಕೂಡಿಸಿ. ₹33,900ರ ಹತ್ತಿಯ ಮೇಲೆ ಶೇ 5 ಎಂದರೆ ₹1,695, ಪೀಸಿಗೆ ₹11.30. ಮುಂದಿನ ಲೆಕ್ಕದಲ್ಲಿ ಕ್ರೆಡಿಟ್ ಸಿಗುತ್ತದೆ ಎಂದು ಹಿಡಿದಿದ್ದೇನೆ.

3. ಕೆಲಸಗಳ ಪಟ್ಟಿಯನ್ನು ಐದಕ್ಕೆ ನಿಲ್ಲಿಸಿ

ಭುಜ ಜೋಡಿಸುವುದು, ಕೊರಳಪಟ್ಟಿ, ತೋಳು, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ ಎಂದು ಹೊಲಿಗೆಯನ್ನು ಹತ್ತು ತುಂಡು ಮಾಡಬಹುದು. ಬೆಂಗಳೂರಿನ ದೊಡ್ಡ ಫ್ಯಾಕ್ಟರಿಗಳು ಮಾಡುತ್ತವೆ, ಅಲ್ಲಿ ಒಬ್ಬೊಬ್ಬರು ಒಂದೊಂದೇ ಹೊಲಿಗೆ ಹಾಕುತ್ತಾರೆ. ಆರು ಮಷಿನ್ ಇರುವಲ್ಲಿ ಅಷ್ಟು ಬರೆಯಲು ಕೂತರೆ ಹೊಲಿಯುವವರು ಬರೆಯುವವರಾಗುತ್ತಾರೆ. ಕಟಿಂಗ್, ಹೊಲಿಗೆ, ಓವರ್‌ಲಾಕ್, ಕಾಜಾ-ಗುಂಡಿ, ಇಸ್ತ್ರಿ-ಪ್ಯಾಕಿಂಗ್ ಎಂಬ ಐದು ಸಾಕು. ಒಂದು ಕೆಲಸವನ್ನು ಬೇರೆ ಸಾಲಿನಲ್ಲಿ ಇಡಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಕೇಳಿ: ಯಾವುದಾದರೂ ಮಾಲು ಈ ಕೆಲಸವನ್ನು ಬಿಟ್ಟು ಮುಂದೆ ಹೋಗುತ್ತದೆಯೇ? ಹೌದಾದರೆ ಅದು ಬೇರೆ ಸಾಲು. ಕಾಜಾ-ಗುಂಡಿಯನ್ನು ಇದೇ ಕಾರಣಕ್ಕೆ ಬೇರೆ ಇಟ್ಟಿದ್ದೇವೆ, ಏಕೆಂದರೆ ನಮ್ಮ ಖಣದ ಕುರ್ತಾಕ್ಕೆ ಗುಂಡಿಯೇ ಇಲ್ಲ.

4. ಪಗಾರ ಕೊಟ್ಟ ನಿಮಿಷದಿಂದಲ್ಲ, ಹೊಲಿದ ನಿಮಿಷದಿಂದ ಭಾಗಿಸಿ

ಅತಿ ಹೆಚ್ಚು ದುಡ್ಡು ಸೋರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಹೊಲಿಗೆ ವಿಭಾಗದ ತಿಂಗಳ ಖರ್ಚು, ಪಗಾರ, ಅನ್ವಯವಾದರೆ ಇಎಸ್‌ಐ, ಪಿಎಫ್, ಕರೆಂಟ್, ಬಾಡಿಗೆಯ ಪಾಲು, ದಾರ, ರಿಪೇರಿ ಎಲ್ಲ ಸೇರಿ, ₹1,08,000 ಎನ್ನಿ. ಆರು ಜನ, 25 ದಿನ, ದಿನಕ್ಕೆ 480 ನಿಮಿಷ: ಒಟ್ಟು 72,000 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ₹1.50. ಒಂದು ಕುರ್ತಾಕ್ಕೆ 18 ನಿಮಿಷವಾದರೆ ಹೊಲಿಗೆ ₹27 ಎಂದು ಅನೇಕರು ಇಲ್ಲಿಗೆ ನಿಲ್ಲಿಸುತ್ತಾರೆ.

ಆದರೆ ತಿಂಗಳಿಗೆ ಹೊರಬಿದ್ದದ್ದು 2,400 ಕುರ್ತಾ. 18 ನಿಮಿಷದಂತೆ ಅದು 43,200 ನಿಮಿಷದ ಕೆಲಸ, ಕೊಟ್ಟ ವೇಳೆಯ ಶೇ 60. ಉಳಿದ ವೇಳೆ ಬಾಬಿನ್ ಬದಲಾಯಿಸಲು, ಬಂಡಲ್ ಬರುವ ತನಕ ಕಾಯಲು, ಹೊಲಿಗೆ ಬಿಚ್ಚಿ ಮತ್ತೆ ಹಾಕಲು, ಹೆಸ್ಕಾಂ ಕರೆಂಟ್ ಹೋದಾಗ ಕೂರಲು ಹೋಗಿದೆ. ಇದರಲ್ಲಿ ಬಹುಪಾಲು ಸೋಮಾರಿತನವಲ್ಲ, ಸಣ್ಣ ಘಟಕದ ಸಹಜ ಸ್ಥಿತಿ. ಆ ವೇಳೆಗೂ ನೀವು ಪಗಾರ ಕೊಟ್ಟಿದ್ದೀರಿ, ಅದನ್ನು ಕುರ್ತಾಗಳೇ ಹೊರಬೇಕು. ₹1,08,000ವನ್ನು 43,200ರಿಂದ ಭಾಗಿಸಿದರೆ ನಿಮಿಷಕ್ಕೆ ₹2.50. ಹೊಲಿಗೆಯ ನಿಜವಾದ ದರ ₹45. ₹27 ಎಂದು ನಂಬಿ ದರ ಹೇಳಿದವರು ಪ್ರತಿ ಪೀಸಿಗೆ ₹18 ಕೈಯಿಂದ ಕೊಟ್ಟಂತೆ.

ಉಳಿದ ಕೆಲಸಗಳು ಹಗುರ. ಅವನ್ನು ಪೀಸಿನ ಲೆಕ್ಕದಲ್ಲಿ ಹಿಡಿದರೆ ಸಾಕು. ಕಟಿಂಗ್ ₹24,000, 2,400 ಪೀಸಿಗೆ ₹10ರಂತೆ. ಓವರ್‌ಲಾಕ್ ₹19,200, ಅಂದರೆ ₹8. ಇಸ್ತ್ರಿ-ಪ್ಯಾಕಿಂಗ್ ₹21,600, ಅಂದರೆ ₹9. ಕಾಜಾ-ಗುಂಡಿ ₹7,200, ಆದರೆ ಗುಂಡಿ ಇರುವ ಕುರ್ತಾ ತಿಂಗಳಿಗೆ 1,800 ಮಾತ್ರ, ಆದ್ದರಿಂದ ₹4. ಇದನ್ನು 2,400ರಿಂದ ಭಾಗಿಸಿ ₹3 ಎಂದು ಎಲ್ಲದಕ್ಕೂ ಹಚ್ಚಿದರೆ, ಗುಂಡಿಯಿಲ್ಲದ ಕುರ್ತಾ ಮಾಡಿಸದ ಕೆಲಸಕ್ಕೆ ದುಡ್ಡು ಕೊಡಬೇಕಾಗುತ್ತದೆ.

ಪೀಸ್ ರೇಟಿನಲ್ಲಿ ಹೊಲಿಸುವವರೂ ಈ ಲೆಕ್ಕ ಬಿಡುವ ಹಾಗಿಲ್ಲ. ಪೀಸ್ ರೇಟಿನಲ್ಲಿ ಬರುವುದು ಕೂಲಿ ಮಾತ್ರ, ಮಷಿನ್, ಕರೆಂಟ್, ಬಾಡಿಗೆ ಬರುವುದಿಲ್ಲ. ಇಡೀ ದಿನ ದುಡಿದರೂ ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಬೀಳುವ ಪೀಸ್ ರೇಟು ಕಾನೂನಿಗೂ ಒಪ್ಪುವುದಿಲ್ಲ, ನ್ಯಾಯಕ್ಕೂ ಒಪ್ಪುವುದಿಲ್ಲ. ಹಾಗೆ ಕಡಿಮೆ ಮಾಡಿದ ಅಸಲು ಅಸಲೇ ಅಲ್ಲ, ಇನ್ನೊಬ್ಬರ ಮನೆಯಿಂದ ತಂದ ದುಡ್ಡು.

5. ಸರಾಸರಿಯನ್ನೂ ಶೇಕಡಾವಾರನ್ನೂ ದೂರ ಇಡಿ

ಈಗ ಮೂರೂ ಮಾಲುಗಳನ್ನು ಕೂಡಿಸೋಣ. ಲೇಬಲ್ ಮತ್ತು ಕವರಿಗೆ ಪೀಸಿಗೆ ₹5, ಗುಂಡಿಗೆ ₹3.

ಹತ್ತಿ: ಬಟ್ಟೆ ₹226, ಸಣ್ಣ ಸಾಮಾನು ₹8, ಐದೂ ಕೆಲಸ ₹76. ಅಸಲು ₹310.

ರೇಯಾನ್: ಬಟ್ಟೆ ₹184, ಸಣ್ಣ ಸಾಮಾನು ₹8, ಐದೂ ಕೆಲಸ ₹76. ಅಸಲು ₹268.

ಖಣ: ಬಟ್ಟೆ ಮತ್ತು ಅಸ್ತರ ₹560, ಲೇಬಲ್-ಕವರ್ ₹5, ಗುಂಡಿ ಬಿಟ್ಟು ನಾಲ್ಕು ಕೆಲಸ ₹72, ಅಸ್ತರ ಹಚ್ಚಲು ಇನ್ನೂ 6 ನಿಮಿಷದ ಹೊಲಿಗೆ ₹15. ಅಸಲು ₹652. ಅಸ್ತರದ 50 ಪದರ ಒಂದೇ ಹಾಸಿನಲ್ಲಿ ಕತ್ತರಿಸಿ ಮುಗಿಯುವುದರಿಂದ ಅದರ ಕಟಿಂಗನ್ನು ಬೇರೆ ಹಿಡಿದಿಲ್ಲ. ನಿಮ್ಮಲ್ಲಿ ಹೆಚ್ಚು ಹೊತ್ತು ಹಿಡಿದರೆ ಅದಕ್ಕೂ ಒಂದು ಸಾಲು ಹಾಕಿ.

ಇಡೀ ಆರ್ಡರಿನ ಅಸಲು ₹1,05,900. ಇದನ್ನು 300ರಿಂದ ಭಾಗಿಸಿದರೆ ₹353. ಬಹಳ ಅಂಗಡಿಗಳಲ್ಲಿ ಈ ಸರಾಸರಿಯೇ ಅಸಲೆಂದು ನಡೆಯುತ್ತದೆ. ರಾಮದುರ್ಗದ ಅಂಗಡಿಯವರೊಬ್ಬರು ಬಂದು ರೇಯಾನ್‌ಗೆ ₹320 ಕೊಡುತ್ತೇನೆ ಎಂದರೆ, ₹353 ಬಿದ್ದಿದೆ ಎಂದು ನೀವು ಕಳಿಸಿಬಿಡುತ್ತೀರಿ. ಅದು ಲಾಭದ ಗಿರಾಕಿ. ಇನ್ನೊಬ್ಬರು ಖಣವನ್ನು ₹450ಕ್ಕೆ ಕೇಳಿದರೆ ಸುಮಾರು ನೂರು ರೂಪಾಯಿ ಉಳಿಯಿತು ಎಂದು ಸಂತೋಷದಿಂದ ಕೊಡುತ್ತೀರಿ. ಪ್ರತಿ ಪೀಸಿಗೆ ₹202 ಹೋಯಿತು.

ಎರಡನೆಯ ತಪ್ಪು ಇನ್ನೂ ನಯವಾದದ್ದು, ಲೆಕ್ಕ ಗೊತ್ತಿರುವವರೇ ಮಾಡುವಂಥದ್ದು. ಆರ್ಡರಿನ ಒಟ್ಟು ಸಾಮಾನು ₹82,550, ಒಟ್ಟು ದುಡಿಮೆ ₹23,350. ದುಡಿಮೆ ಸಾಮಾನಿನ ಶೇ 28ರಷ್ಟು ಎಂದು ಕಂಡುಕೊಂಡು, ಪ್ರತಿ ಮಾಲಿನ ಸಾಮಾನಿನ ಮೇಲೆ ಶೇ 28 ಏರಿಸುತ್ತಾರೆ. ಆಗ ರೇಯಾನ್‌ಗೆ ದುಡಿಮೆ ₹54 ಬೀಳುತ್ತದೆ, ಹತ್ತಿಗೆ ₹66, ಖಣಕ್ಕೆ ಸುಮಾರು ₹160. ನಿಜವಾಗಿ ಆದದ್ದು ₹76, ₹76, ₹87. ಮಷಿನ್ ಓಡುವುದು ನಿಮಿಷದ ಮೇಲೆ, ಬಟ್ಟೆಯ ಬೆಲೆಯ ಮೇಲಲ್ಲ. ಈ ಲೆಕ್ಕದಲ್ಲಿ ಅಗ್ಗದ ಬಟ್ಟೆಯ ಕುರ್ತಾ ತನ್ನ ಹೊಲಿಗೆಯ ಖರ್ಚನ್ನೂ ಹುಟ್ಟಿಸದೆ ಹೋಗುತ್ತದೆ, ಖಣದ ಕುರ್ತಾ ಪೇಟೆಯಲ್ಲಿ ದುಬಾರಿಯಾಗಿ ಉಳಿಯುತ್ತದೆ. ಇದನ್ನು ಪತ್ತೆ ಹಚ್ಚುವುದು ಹೇಗೆ? ನಿಮ್ಮ ಅಗ್ಗದ ಮಾಲಿಗೆ ಆರ್ಡರ್ ಮೇಲೆ ಆರ್ಡರ್ ಬರುತ್ತಿದ್ದು, ದುಬಾರಿ ಮಾಲು ಕಪಾಟಿನಲ್ಲೇ ಕೂತು, ಕೆಲಸ ಕೈತುಂಬ ಇದ್ದರೂ ತಿಂಗಳ ಕೊನೆಗೆ ದುಡ್ಡು ಉಳಿಯದಿದ್ದರೆ, ಮೊದಲು ಈ ಶೇಕಡಾವಾರಿನ ಮೇಲೆ ಸಂಶಯಪಡಿ.

ಇದೇ ದರಪಟ್ಟಿಯಿಂದ ಇನ್ನೊಂದು ಅನುಕೂಲವಿದೆ. ಅಂಗಡಿಯವರು ತಮ್ಮದೇ ಬಟ್ಟೆ ತಂದು ಹೊಲಿಗೆ ಮಾತ್ರ ಮಾಡಿಕೊಡಿ ಎಂದರೆ, ಬಟ್ಟೆಯ ಸಾಲು ತೆಗೆದುಹಾಕಿ. ಉಳಿದದ್ದೇ ನಿಮ್ಮ ಜಾಬ್‌ವರ್ಕಿನ ಅಸಲು.

6. ಒಂದೇ ಹೊಲಿಗೆ ಎಂಬ ಮಾತನ್ನು ಗಡಿಯಾರದ ಮುಂದೆ ನಿಲ್ಲಿಸಿ

ಮೇಲಿನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಬಟ್ಟೆ ಯಾವುದಾದರೂ ಹೊಲಿಗೆಗೆ ಅದೇ 18 ನಿಮಿಷ. ಮಷಿನ್ ಮುಂದೆ ಕೂತವರು ಬೇರೆ ಹೇಳುತ್ತಾರೆ. “ಅಣ್ಣಾರ, ಹತ್ತಿ ಹಂಗ ಅಲ್ರೀ ಇದು. ಕೈಯಾಗ ನಿಲ್ಲೂದಿಲ್ಲ, ಕೊರಳ ತಿರುವಿದಲ್ಲೇ ಜಾರತೈತಿ” ಎಂದು ಟೇಲರ್ ಅಕ್ಕ ಹೇಳಿದರೆ ಅದನ್ನು ಗೊಣಗಾಟ ಎಂದುಕೊಳ್ಳಬೇಡಿ. ಅದು ವೆಚ್ಚದ ಮಾಹಿತಿ.

ಮೊಬೈಲಿನ ಸ್ಟಾಪ್‌ವಾಚ್ ಸಾಕು. ಕೆಲಸ ಬಲ್ಲ, ತೀರ ವೇಗವೂ ಅಲ್ಲದ ನಿಧಾನವೂ ಅಲ್ಲದ ಒಬ್ಬರನ್ನು ಆರಿಸಿ, ಯಾಕೆ ಅಳೆಯುತ್ತಿದ್ದೀರಿ ಎಂದು ಮೊದಲೇ ಹೇಳಿ. ಹೊಸ ಬಟ್ಟೆಯ ಮೊದಲ ಕೆಲವು ಪೀಸು ಬಿಡಿ, ಕೈ ಕೂತ ಮೇಲೆ ಹತ್ತು ಪೀಸಿನ ವೇಳೆ ಬರೆದುಕೊಳ್ಳಿ. ಸರಾಸರಿ ತೆಗೆದು, ದಣಿವಿಗೆ, ನೀರಿಗೆ, ದಾರ ಕಡಿಯುವುದಕ್ಕೆ ಎಂದು ಶೇ 15ರಿಂದ 20 ಕೂಡಿಸಿ. ಹತ್ತಿಯ ಮೂಲ ವೇಳೆಯನ್ನೂ ಇದೇ ರೀತಿ ತೆಗೆದಿರಬೇಕು, ಇಲ್ಲದಿದ್ದರೆ ಎರಡನ್ನು ಹೋಲಿಸುವಂತಿಲ್ಲ.

ರೇಯಾನ್‌ಗೆ 21 ನಿಮಿಷ ಬಂತು ಎನ್ನಿ. ಮೂರು ನಿಮಿಷ ಹೆಚ್ಚು, ₹7.50. ರೇಯಾನ್‌ನ ಅಸಲು ₹268 ಅಲ್ಲ, ₹275.50. ನನ್ನ ಅಭಿಪ್ರಾಯದಲ್ಲಿ ಅಂತರ ಶೇ 10ರೊಳಗಿದ್ದರೆ ಒಂದೇ ದರ ಇಟ್ಟುಕೊಂಡು ಮುಂದೆ ಹೋಗಬಹುದು. ಅದನ್ನು ದಾಟಿದರೆ ಆ ಮಾಲಿಗೆ ಬೇರೆ ನಿಮಿಷ ಬರೆಯಲೇಬೇಕು. ಗಮನಿಸಿ, ಬದಲಾಗುವುದು ನಿಮಿಷ ಮಾತ್ರ. ನಿಮಿಷದ ದರ ₹2.50 ಎಲ್ಲ ಮಾಲಿಗೂ ಅದೇ.

ಅಳತೆ ಬಹಳ ಹಿಗ್ಗುವ ಕಡೆ ಪೀಸಿನ ದರ ಎಷ್ಟು ಬೇಗ ಕುಸಿಯುತ್ತದೆ ಎಂಬುದಕ್ಕೆ ನಮ್ಮ ಹತ್ತಿರವೇ ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಅತಿ ಚಿಕ್ಕದು 150×100 ಮಿಲಿಮೀಟರ್, ಅತಿ ದೊಡ್ಡದು 6300×4200 ಮಿಲಿಮೀಟರ್. ಬಣ್ಣ, ಚಕ್ರದ ಮುದ್ರಣ, ಮೂರು ಪಟ್ಟಿಗಳ ಜೋಡಣೆ ಎಲ್ಲ ಅಳತೆಗೂ ಇರುವ ಕೆಲಸಗಳೇ, ಆದರೆ ಹೊಲಿಗೆಯ ಉದ್ದದಲ್ಲಿ 42 ಪಟ್ಟು ಅಂತರ. ಇಂಥ ಕಡೆ ಪೀಸಿಗೆ ಇಷ್ಟು ಎಂಬ ಒಂದೇ ದರ ನಡೆಯದು. ನಿಮ್ಮಲ್ಲಿ ಆರು ವರ್ಷದ ಮಗುವಿನ ಅಂಗಿ ಮತ್ತು ದೊಡ್ಡವರ ನಿಲುವಂಗಿ ಒಟ್ಟಿಗೆ ಬಂದರೂ ಇದೇ ಮಾತು.

7. ಹುಣ್ಣಿಮೆಯ ತಿಂಗಳ ನಷ್ಟವನ್ನು ಆ ತಿಂಗಳ ಕುರ್ತಾದ ಮೇಲೆ ಹೇರಬೇಡಿ

ನಮ್ಮ ಸೀಮೆಯ ಕೆಲಸಕ್ಕೆ ಒಂದು ಏರಿಳಿತವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುವಾಗ ಟೇಲರ್‌ಗಳ ಮನೆಯಲ್ಲೂ ಬೀಗರು ತುಂಬಿರುತ್ತಾರೆ. ಹತ್ತಿ ಬಿಡಿಸುವಾಗ, ಜೋಳ-ಕಡಲೆಯ ಸುಗ್ಗಿಯಲ್ಲಿ, ಅರ್ಧ ಮಷಿನ್ ಖಾಲಿ ಇರುತ್ತವೆ. ಅಕ್ಟೋಬರಿನ ಕಿತ್ತೂರು ಉತ್ಸವ, ದೀಪಾವಳಿಯ ಮುಂದೆ, ಶಾಲೆ ಶುರುವಾಗುವ ಮುಂದೆ, ರಾತ್ರಿಯಾದರೂ ಕೆಲಸ ಮುಗಿಯುವುದಿಲ್ಲ.

ಒಂದು ಹುಣ್ಣಿಮೆಯ ತಿಂಗಳಲ್ಲಿ 2,400ರ ಬದಲು 1,600 ಕುರ್ತಾ ಮಾತ್ರ ಆದವು ಎನ್ನಿ. ಪಗಾರ, ಬಾಡಿಗೆ ಅಷ್ಟೇ ಇದೆ, ಹೊಲಿಗೆಯ ಖರ್ಚು ಅದೇ ₹1,08,000. ಹೊಲಿದ ನಿಮಿಷ 28,800. ಆ ತಿಂಗಳ ಅಂಕಿ ಹಿಡಿದು ಭಾಗಿಸಿದರೆ ನಿಮಿಷಕ್ಕೆ ₹3.75, ಕುರ್ತಾದ ಹೊಲಿಗೆ ₹67.50. ಅದೇ ಕುರ್ತಾ, ಅದೇ ಕೈ, ₹22.50 ಹೆಚ್ಚು. ಆ ದರ ಹೇಳಿದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ, ಪೀಸು ಇನ್ನೂ ಕಡಿಮೆಯಾಗುತ್ತದೆ, ದರ ಇನ್ನೂ ಏರುತ್ತದೆ. ದರದ ಏಣಿ ಹೀಗೆ ಏರುತ್ತ ಹೋದರೆ ಒಳ್ಳೆಯ ಘಟಕವೂ ಮುಚ್ಚುತ್ತದೆ.

ಇಡೀ ವರ್ಷದ ಖರ್ಚನ್ನು ಇಡೀ ವರ್ಷದ ಸಹಜ ಹೊಲಿಗೆ ನಿಮಿಷದಿಂದ ಭಾಗಿಸಿ ದರ ಒಮ್ಮೆ ಗೊತ್ತುಮಾಡಿ, ₹2.50 ಬಂದರೆ ಅದನ್ನೇ ಹುಣ್ಣಿಮೆಯ ತಿಂಗಳಲ್ಲೂ ಬಳಸಿ. 28,800 ನಿಮಿಷಕ್ಕೆ ಕುರ್ತಾಗಳ ಮೇಲೆ ಹತ್ತಿದ್ದು ₹72,000. ಉಳಿದ ₹36,000ವನ್ನು ‘ಖಾಲಿ ಮಷಿನ್’ ಎಂಬ ಬೇರೆ ಸಾಲಿನಲ್ಲಿ ಬರೆಯಿರಿ. ಆ ಸಾಲು ನಿಮಗೆ ನಿಜ ಹೇಳುತ್ತದೆ: ತೊಂದರೆ ಕುರ್ತಾದ್ದಲ್ಲ, ಆ ತಿಂಗಳಿಗೆ ಆರ್ಡರ್ ಅಥವಾ ಆಳು ಹೊಂದಿಸುವುದರದ್ದು. ದೀಪಾವಳಿಯ ತಿಂಗಳು 2,400 ದಾಟಿದಾಗ ಇದೇ ಸಾಲಿನಲ್ಲಿ ದುಡ್ಡು ಮರಳಿ ಬರುತ್ತದೆ. ವರ್ಷದ ಕೊನೆಗೂ ಅದು ದೊಡ್ಡದಾಗಿಯೇ ಉಳಿದರೆ ನೀವು ಸಹಜ ಎಂದು ಹಿಡಿದ ನಿಮಿಷವೇ ಹೆಚ್ಚಾಗಿತ್ತು ಎಂದು ತಿಳಿದು, ಮುಂದಿನ ವರ್ಷದ ದರ ತಿದ್ದಿ.

ತಿಂಗಳ ಕೊನೆಗೆ ಅರ್ಧ ಮುಗಿದ ಮಾಲಿನ ಬೆಲೆ ಕಟ್ಟುವುದೂ ಈ ಪದ್ಧತಿಯಲ್ಲಿ ಸುಲಭ. ಪ್ರತಿ ಬಂಡಲಿಗೆ ಕಟ್ಟಿದ ಚೀಟಿಯಲ್ಲಿ ಯಾವ ಕೆಲಸ ಮುಗಿದಿದೆ ಎಂದು ಗುರುತು ಹಾಕಿಸಿ. 20 ಖಣದ ಕುರ್ತಾ ಕತ್ತರಿಸಿ, ಅರ್ಧ ಹೊಲಿದು ನಿಂತಿವೆ ಎನ್ನಿ. ಬಟ್ಟೆ ಪೂರ್ತಿ ಹೋಗಿದೆ, ₹560. ಕಟಿಂಗ್ ಪೂರ್ತಿ, ₹10. ಹೊಲಿಗೆ 24 ನಿಮಿಷದಲ್ಲಿ 12 ಆಗಿದೆ, ₹30. ಪೀಸಿಗೆ ₹600, ಒಟ್ಟು ₹12,000. ಇನ್ನೂ ಸಿದ್ಧವಾಗಿಲ್ಲ ಎಂದು ಇವನ್ನು ಲೆಕ್ಕದಿಂದ ಬಿಟ್ಟರೆ ಈ ತಿಂಗಳು ಸುಳ್ಳು ನಷ್ಟ, ಮುಂದಿನ ತಿಂಗಳು ಸುಳ್ಳು ಲಾಭ ಕಾಣುತ್ತದೆ.

8. ಯಾವ ಆರ್ಡರ್ ಮೊದಲು ಎಂಬುದನ್ನು ಹೊಲಿಗೆಯ ನಿಮಿಷಕ್ಕೆ ಕೇಳಿ

ಅಸಲು ಗೊತ್ತಾದ ಮೇಲೆ ಅತಿ ಹೆಚ್ಚು ಲಾಭದ ಮಾಲನ್ನೇ ಹೊಲಿಯೋಣ ಎನಿಸುತ್ತದೆ. ಹತ್ತಿ ₹350ಕ್ಕೆ ಹೋಗುತ್ತದೆ, ₹40 ಲಾಭ. ರೇಯಾನ್ ₹300ಕ್ಕೆ, ₹24.50 ಲಾಭ. ಖಣ ₹720ಕ್ಕೆ, ₹68 ಲಾಭ. ಖಣವೇ ಮೇಲು ಎಂದು ತೋರುತ್ತದೆ. ಆದರೆ ದೀಪಾವಳಿಯ ಮುಂದೆ ನಿಮ್ಮಲ್ಲಿ ಕೊರತೆಯಾಗುವುದು ದುಡ್ಡಲ್ಲ, ಬಟ್ಟೆಯಲ್ಲ, ಆರು ಮಷಿನ್‌ಗಳ ನಿಮಿಷ.

ಆಗ ಬೇರೆ ರೀತಿಯಲ್ಲಿ ನೋಡಬೇಕು. ಮಾರಾಟದ ದರದಿಂದ ಸಾಮಾನಿನ ಖರ್ಚನ್ನು ಮಾತ್ರ ಕಳೆಯಿರಿ, ಏಕೆಂದರೆ ತಿಂಗಳ ಪಗಾರ, ಬಾಡಿಗೆ ಯಾವ ಮಾಲು ಹೊಲಿದರೂ ಅಷ್ಟೇ. ಉಳಿದದ್ದನ್ನು ಹೊಲಿಗೆಯ ನಿಮಿಷದಿಂದ ಭಾಗಿಸಿ. ಹತ್ತಿ: 350ರಲ್ಲಿ 234 ಕಳೆದು ₹116, 18 ನಿಮಿಷಕ್ಕೆ, ನಿಮಿಷಕ್ಕೆ ₹6.44. ಖಣ: 720ರಲ್ಲಿ 565 ಕಳೆದು ₹155, 24 ನಿಮಿಷಕ್ಕೆ, ನಿಮಿಷಕ್ಕೆ ₹6.46. ರೇಯಾನ್: 300ರಲ್ಲಿ 192 ಕಳೆದು ₹108, 21 ನಿಮಿಷಕ್ಕೆ, ನಿಮಿಷಕ್ಕೆ ₹5.14.

ಖಣವೂ ಹತ್ತಿಯೂ ಸಮಸಮ. ಖಣಕ್ಕೆ ಪೀಸಿಗೆ ₹560ರ ಬಟ್ಟೆ ಮೊದಲೇ ಕೊಳ್ಳಬೇಕು, ಉಳಿದುಹೋದರೆ ಆ ದುಡ್ಡು ಕಪಾಟಿನಲ್ಲಿ ಕೂರುತ್ತದೆ. ಆದ್ದರಿಂದ ಖಚಿತ ಆರ್ಡರ್ ಇದ್ದರೆ ಮಾತ್ರ ಖಣ, ಇಲ್ಲದಿದ್ದರೆ ಹತ್ತಿ ಎಂಬುದು ನನ್ನ ಸಲಹೆ. ರೇಯಾನ್ ಇಷ್ಟು ಹಿಂದೆ ಬಿದ್ದದ್ದು ಬಟ್ಟೆ ಅಗ್ಗವಾಗಿದ್ದರಿಂದಲ್ಲ, ಬಹುಮಟ್ಟಿಗೆ ಮೂರು ನಿಮಿಷ ಹೆಚ್ಚು ತಿಂದದ್ದರಿಂದ. ಅದು ಹತ್ತಿಯ ಸಮಕ್ಕೆ ಬರಬೇಕಾದರೆ 192ಕ್ಕೆ 21 ನಿಮಿಷದ ₹135 ಕೂಡಿಸಿ ₹327 ಕೇಳಬೇಕು. ಅಷ್ಟು ಕೊಡುವ ಅಂಗಡಿ ಸಿಗದಿದ್ದರೆ ದೀಪಾವಳಿಗೆ ಮೊದಲಿನ ವಾರಗಳಲ್ಲಿ ರೇಯಾನ್ ಹೊಲಿಯಬೇಡಿ. ಮಷಿನ್ ಖಾಲಿ ಇರುವ ತಿಂಗಳಲ್ಲಿ ಅದೇ ₹300ಕ್ಕೂ ಹೊಲಿದುಕೊಡಬಹುದು, ಆಗ ಬರುವ ₹108 ಹೇಗೂ ಕೊಡಬೇಕಾದ ಪಗಾರ, ಬಾಡಿಗೆಗೆ ಅಷ್ಟು ನೆರವಾಗುತ್ತದೆ. ಆದರೆ ಆ ದರವನ್ನು ಆ ತಿಂಗಳಿಗೆ ಮಾತ್ರ ಎಂದು ಬಿಲ್ಲಿನ ಮೇಲೆ ಬರೆದೇ ಕೊಡಿ, ಏಕೆಂದರೆ ಅಂಗಡಿಯವರು ಅಕ್ಟೋಬರಿನಲ್ಲಿ ಅದೇ ಬಿಲ್ಲು ಹಿಡಿದು ಬರುತ್ತಾರೆ.